ಕೀ ಕದ್ದರೂ ನಿನ್ನೆಯ ಮಾತು ಕೇಳಿಸಲ್ಲ

ಮನೆ ಕೀ ಕಳೆದುಹೋದ್ರೆ ನಮಗೆ ಚಿಂತೆ ನಾಳೆಯದ್ದು. ನಿನ್ನೆ ಮನೆಯೊಳಗೆ ಆಡಿದ ಮಾತು ಕಳ್ಳನಿಗೆ ಕೇಳಿಸುತ್ತೆ ಅಂತ ಯಾರೂ ಹೆದರಲ್ಲ. ಇಂಟರ್ನೆಟ್‌ನಲ್ಲಿ ಮಾತ್ರ ಬಹಳ ಕಾಲ ಆ ಹೆದರಿಕೆ ನಿಜವಾಗಿತ್ತು.

2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಸಾಫ್ಟ್‌ವೇರ್‌ನ 'ಹಾರ್ಟ್‌ಬ್ಲೀಡ್' ದೋಷ ಬಯಲಾಯ್ತು. ಸುಳ್ಳು ಅಳತೆ ಹೇಳುವ ಒಂದು ಸಣ್ಣ ಸಂದೇಶ ಕಳಿಸಿದರೆ ಸಾಕು, ಸರ್ವರ್ ತನ್ನ ಮೆಮೊರಿಯಿಂದ 64 ಕಿಲೋಬೈಟ್‌ವರೆಗೆ ಹೊರಗೆ ಸುರೀತಿತ್ತು. ಅದರಲ್ಲಿ ಸರ್ವರ್‌ನ ಖಾಸಗಿ ಕೀ ಕೂಡ ಸಿಗಬಹುದು ಅನ್ನೋದು ಕೆಲವೇ ದಿನಗಳಲ್ಲಿ ಸಾಬೀತಾಯ್ತು.

ಆಗ ಎಷ್ಟೋ ಸೈಟ್‌ಗಳಲ್ಲಿ ಹಳೇ ಪದ್ಧತಿ ಇತ್ತು. ನಿಮ್ಮ ಬ್ರೌಸರ್ ಒಂದು ಗುಟ್ಟಿನ ಸಂಖ್ಯೆ ಆರಿಸಿ, ಸರ್ವರ್‌ನ ಸಾರ್ವಜನಿಕ ಕೀಯಿಂದ ಅದಕ್ಕೆ ಬೀಗ ಹಾಕಿ ಕಳಿಸೋದು. ಮುಂದಿನ ಮಾತುಕತೆಗೆಲ್ಲ ಆ ಗುಟ್ಟೇ ಆಧಾರ. ದಾರಿಯಲ್ಲಿ ಕೂತವನು ಎರಡು ವರ್ಷ ಎಲ್ಲವನ್ನೂ ರೆಕಾರ್ಡ್ ಮಾಡಿಟ್ಟಿದ್ದ ಅಂದ್ಕೊಳ್ಳಿ. ಅವನಿಗೆ ಅದು ಬರೀ ಕಸ. ಖಾಸಗಿ ಕೀ ಕೈಗೆ ಬಂದ ದಿನ ಗುಟ್ಟಿನ ಸಂಖ್ಯೆಗಳೆಲ್ಲ ಬಿಚ್ಚಿಕೊಂಡು, ಎರಡು ವರ್ಷದ ಪಾಸ್‌ವರ್ಡು, ಮೇಲು ಎಲ್ಲಾ ಓದೋಕೆ ಸಿಗುತ್ತೆ.

ಫಾರ್ವರ್ಡ್ ಸೀಕ್ರೆಸಿ ಇರುವ ಕಡೆ ಗುಟ್ಟನ್ನ ಕಳಿಸೋದೇ ಇಲ್ಲ. ಚಿಕ್ಕ ಅಂಕಿಯಲ್ಲಿ ನೋಡೋಣ. 5 ಮತ್ತು 23 ಎಲ್ಲರಿಗೂ ಗೊತ್ತು. ಫೋನ್ ಮನಸ್ಸಲ್ಲಿ 3 ಅಂದ್ಕೊಂಡು, 5 ಅನ್ನು ಮೂರು ಸಲ ಗುಣಿಸಿ 23ರಿಂದ ಭಾಗಿಸುತ್ತೆ. ಉಳಿಯೋ ಶೇಷ 10, ಅದನ್ನ ಕಳಿಸುತ್ತೆ. ಸರ್ವರ್ 7 ಅಂದ್ಕೊಂಡು ಹಾಗೇ ಮಾಡಿ 17 ಕಳಿಸುತ್ತೆ. ಈಗ ಫೋನ್ ಆ 17ನ್ನು ಮೂರು ಸಲ ಗುಣಿಸಿ 23ರಿಂದ ಭಾಗಿಸಿದ್ರೆ ಶೇಷ 14. ಸರ್ವರ್ 10ನ್ನು ಏಳು ಸಲ ಗುಣಿಸಿದ್ರೂ 14. ಆ 14 ತಂತಿ ಮೇಲೆ ಹೋಗಲೇ ಇಲ್ಲ ನೋಡಿ! ನಿಜವಾದ ಸಂಖ್ಯೆಗಳು ಎಷ್ಟು ದೊಡ್ಡವು ಅಂದ್ರೆ 10 ಮತ್ತು 17ರಿಂದ 3, 7ನ್ನು ಹಿಂದಕ್ಕೆ ಹುಡುಕೋದು ಇವತ್ತಿನ ಕಂಪ್ಯೂಟರ್‌ಗಳ ಕೈಲಾಗಲ್ಲ.

ಸರ್ವರ್‌ನ ಖಾಸಗಿ ಕೀಗೆ ಇಲ್ಲಿ ಒಂದೇ ಕೆಲಸ: 'ಈ 17 ಕಳಿಸಿದ್ದು ನಾನೇ' ಅಂತ ಸಹಿ ಹಾಕೋದು. ಮಾತು ಮುಗಿದ ಮೇಲೆ 3, 7, 14 ಮೂರನ್ನೂ ಅಳಿಸಿಬಿಡ್ತಾರೆ. ಆಮೇಲೆ ಕೀ ಕದ್ದವನ ಕೈಲಿರೋದು ಸಹಿ ಹಾಕೋ ಪೆನ್ನು ಮಾತ್ರ. ಅದರಿಂದ ನಾಳೆ ಸೈಟ್‌ನ ವೇಷ ಹಾಕಿ ಮೋಸ ಮಾಡಬಹುದು, ಹಾಗಾಗಿ ಸರ್ಟಿಫಿಕೇಟ್ ಬದಲಿಸಲೇಬೇಕು. ಹಳೇ ರೆಕಾರ್ಡಿಂಗ್ ಮಾತ್ರ ಕಸವಾಗೇ ಉಳಿಯುತ್ತೆ.

2018ರಲ್ಲಿ ಬಂದ ಟಿಎಲ್‌ಎಸ್ 1.3 ಹಳೇ ಪದ್ಧತಿಯನ್ನ ಪೂರ್ತಿ ಕಿತ್ತುಹಾಕ್ತು. ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳೋರು ಇನ್ನೂ 1.2 ಇಟ್ಟಿದ್ರೆ ಸೈಫರ್ ಪಟ್ಟಿ ಒಮ್ಮೆ ತೆಗೆದು ನೋಡಿ. `TLS_ECDHE_` ಅಂತ ಶುರುವಾದ್ರೆ ಸರಿ, `TLS_RSA_` ಅಂತ ಶುರುವಾದದ್ದನ್ನ ತೆಗೆದುಹಾಕಿ. ಹಾಗೇ, ಮತ್ತೆ ಬಂದ ಬ್ರೌಸರ್‌ಗೆ ಬೇಗ ಬಾಗಿಲು ತೆರೆಯೋಕೆ ಕೊಡುವ ಸೆಷನ್ ಟಿಕೆಟ್‌ಗೂ ಒಂದು ಕೀ ಇರುತ್ತೆ. ಸರ್ವರ್ ರೀಸ್ಟಾರ್ಟ್ ಮಾಡದೆ ತಿಂಗಳುಗಟ್ಟಲೆ ಅದೊಂದನ್ನೇ ಇಟ್ಕೊಂಡಿದ್ರೆ, ಕಳ್ಳನಿಗೆ ಅದು ಸಿಕ್ಕ ದಿನ ಆ ತಿಂಗಳುಗಳ ಮಾತೆಲ್ಲ ಮತ್ತೆ ಬಯಲು. ಅದನ್ನ ದಿನಕ್ಕೊಮ್ಮೆಯಾದ್ರೂ ಬದಲಿಸೋ ಹಾಗೆ ಇಡಿ.