ವೈವಾದ ಮೊದಲ ಎರಡು ನಿಮಿಷ

ಪಿಎಚ್.ಡಿ. ಮೌಖಿಕ ಪರೀಕ್ಷೆಗೆ ಎರಡೇ ದಿನ ಇದೆ ಎನ್ನುವಾಗ ಪರಿಚಯದ ಹುಡುಗಿಯೊಬ್ಬಳು ತಂದೆಯ ಜೊತೆ ನಮ್ಮ ಮನೆಗೆ ಬಂದಳು. ಕೋಲಾರದ ಕಡೆಯ ಕೆರೆಗಳ ನೀರುಗಂಟಿಗಳ ಬಗ್ಗೆ ಅವಳ ಸಂಶೋಧನೆ. ಕೆರೆಯ ತೂಬು ತೆಗೆದು, ಯಾವ ಗದ್ದೆಗೆ ಯಾವಾಗ ನೀರು ಬಿಡಬೇಕೆಂದು ನೋಡಿಕೊಳ್ಳುವವನೇ ನೀರುಗಂಟಿ. ‘ಪ್ರಬಂಧದಲ್ಲಿ ಎಲ್ಲಿಂದ ಕೇಳಿದರೂ ಹೇಳ್ತೀನಿ ಸಾರ್. ಆದರೆ ಮೊದಲು ನಿಮ್ಮ ಪರಿಚಯ ಹೇಳಿ ಅಂದರೆ ನಾಲಿಗೆ ಒಣಗುತ್ತೆ’ ಎಂದಳು.

ಒಮ್ಮೆ ಹೇಳಿಸಿದೆ. ಹುಟ್ಟಿದ ಊರು, ಎಸ್ಸೆಸ್ಸೆಲ್ಸಿ ಅಂಕ, ಪಿಯುಸಿ, ಬಿ.ಎ., ಎಂ.ಎ., ಆಮೇಲೆ ಮಾರ್ಗದರ್ಶಕರಿಗೆ, ವಿಭಾಗಕ್ಕೆ, ಗೆಳತಿಯರಿಗೆ ವಂದನೆ. ಮೂರು ನಿಮಿಷ ಕಳೆದರೂ ಕೆರೆಗೆ ನೀರೇ ಬರಲಿಲ್ಲ! ಕೊನೆಗೆ, ‘ಈ ವಿಷಯದಲ್ಲಿ ಇದು ಮೊಟ್ಟಮೊದಲ ಸಂಶೋಧನೆ’ ಎಂದು ಮುಗಿಸಿದಳು.

ಬಹಳಷ್ಟು ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಎದುರಿಗೆ ಕೂತ ಪರೀಕ್ಷಕರು ಪ್ರಬಂಧವನ್ನು ಓದಿ, ವರದಿ ಬರೆದೇ ಬಂದಿರುತ್ತಾರೆ. ಅವರಿಗೆ ನಿಮ್ಮ ಅಂಕಪಟ್ಟಿ ಬೇಡ, ಅಧ್ಯಾಯಗಳ ಸಾರಾಂಶವೂ ಬೇಡ. ಇಷ್ಟು ದೊಡ್ಡ ಕೆಲಸವನ್ನು ನೀವು ಎಷ್ಟು ಸ್ಪಷ್ಟವಾಗಿ ಹಿಡಿದಿದ್ದೀರಿ ಎಂಬುದನ್ನು ಮೊದಲ ಮಾತಿನಲ್ಲೇ ಅಳೆಯುತ್ತಾರೆ. ಮೊದಲ ಪ್ರಶ್ನೆಯನ್ನೂ ಅಲ್ಲಿಂದಲೇ ಹೆಕ್ಕುವುದುಂಟು. ‘ಮೊಟ್ಟಮೊದಲು’ ಎಂದರೆ, ‘ಹಿಂದೆ ಯಾರೂ ಮಾಡಿಲ್ಲವೆಂದು ಹೇಗೆ ಗೊತ್ತಾಯಿತು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಮರ್ಥಿಸಲಾಗದ ಮಾತನ್ನು ಪರಿಚಯದಲ್ಲಿ ಆಡಲೇಬಾರದು.

ಅಷ್ಟರಲ್ಲಿ ಸುಮ್ಮನೆ ಕೂತಿದ್ದ ತಂದೆ ಬಾಯಿ ಬಿಟ್ಟರು: ‘ನಮ್ಮಪ್ಪನೇ ನೀರುಗಂಟಿ ಆಗಿದ್ದರು ಸ್ವಾಮಿ. ಅದನ್ನ ಇವಳು ಹೇಳಲೇ ಇಲ್ಲವಲ್ಲ.’ ಹುಡುಗಿ ತಲೆ ತಗ್ಗಿಸಿದಳು. ಹೇಳಲು ಸಂಕೋಚವಂತೆ. ನಿಜವಾಗಿ ಹೇಳಬೇಕಾಗಿದ್ದ ಹಿನ್ನೆಲೆ ಅದೊಂದೇ.

ಮೂವರೂ ಕೂತು ಹೊಸದಾಗಿ ಬರೆದೆವು. ‘ನಾನು ಸಮಾಜಶಾಸ್ತ್ರದ ವಿದ್ಯಾರ್ಥಿನಿ. ನನ್ನ ತಾತ ನೀರುಗಂಟಿಯಾಗಿದ್ದರು. ಅವರ ನಂತರ ನಮ್ಮೂರಲ್ಲಿ ಆ ಕೆಲಸ ನಿಂತಿತು, ಕಾಲುವೆಗಳಲ್ಲಿ ಹೂಳು ತುಂಬಿತು. ಒಂದರಿಂದ ಇನ್ನೊಂದು ಆಯಿತೇ ಎಂಬುದೇ ನನ್ನ ಪ್ರಶ್ನೆ. ಎರಡು ತಾಲ್ಲೂಕುಗಳ ಹನ್ನೆರಡು ಕೆರೆಗಳನ್ನು ಮೂರು ವರ್ಷ ನೋಡಿದೆ. ಆರರಲ್ಲಿ ನೀರುಗಂಟಿ ಇದ್ದಾನೆ, ಆರರಲ್ಲಿ ಇಲ್ಲ. ನೀರುಗಂಟಿ ಇರುವ ಕಡೆ ಕಾಲುವೆಯ ಕೊನೆಯ ಗದ್ದೆಗೂ ನೀರು ಮುಟ್ಟಿತು. ಆದರೆ ಮಳೆ ಕೈಕೊಟ್ಟು ಕೆರೆ ತುಂಬದ ವರ್ಷದಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ನನ್ನ ತೀರ್ಮಾನ ಈ ಎರಡು ತಾಲ್ಲೂಕಿಗಷ್ಟೇ ಸೀಮಿತ.’

ನಿಧಾನವಾಗಿ ಹೇಳಿದರೂ ಎರಡು ನಿಮಿಷದೊಳಗೆ ಮುಗಿಯಿತು. ಯಾಕೆ ಈ ವಿಷಯ, ಏನು ಪ್ರಶ್ನೆ, ಏನು ಮಾಡಿದೆ, ಏನು ಕಂಡಿತು, ಎಲ್ಲಿಗೆ ನಿಲ್ಲುತ್ತದೆ ಎಂಬ ಐದೂ ಅದರಲ್ಲಿವೆ. ಕೊನೆಯ ಎರಡು ವಾಕ್ಯ ಬೇಡವೆಂದು ಅವಳು ಹಟ ಹಿಡಿದಳು. ‘ನನ್ನ ಕೊರತೆ ನಾನೇ ಹೇಳಿಕೊಳ್ಳಬೇಕಾ ಸಾರ್?’ ಹೌದು. ಮಿತಿಯನ್ನು ನೀವೇ ಹೇಳಿದರೆ ಅದು ತಿಳಿವಳಿಕೆ. ಪರೀಕ್ಷಕರು ಎತ್ತಿ ತೋರಿಸಿದರೆ ಅದು ತಪ್ಪು.

ಆಮೇಲೆ ಒಂದೊಂದು ವಾಕ್ಯದಿಂದಲೂ ಯಾವ ಪ್ರಶ್ನೆ ಹುಟ್ಟಬಹುದೆಂದು ಹುಡುಕಿದೆವು. ‘ತಾತನ ಮೇಲಿನ ಅಭಿಮಾನದಿಂದ ಹೀಗೆ ತೀರ್ಮಾನಿಸಿದಿರಾ?’ ಎಂದರೆ, ಅವರ ಊರಿನ ಕೆರೆಯನ್ನು ಹನ್ನೆರಡರಲ್ಲಿ ಸೇರಿಸಿಲ್ಲ ಎಂಬ ಉತ್ತರವಿತ್ತು. ಇನ್ನೊಂದು ಪ್ರಶ್ನೆ ಗಟ್ಟಿಯಾದದ್ದು: ನೀರುಗಂಟಿ ಇರುವುದರಿಂದ ಕೆರೆ ಚೆನ್ನಾಗಿದೆಯೋ, ಕೆರೆ ಚೆನ್ನಾಗಿ ತುಂಬುವುದರಿಂದ ನೀರುಗಂಟಿ ಉಳಿದಿದ್ದಾನೋ? ಅದಕ್ಕೆಂದೇ ಅವಳು ಒಂದೇ ಮಳೆ ಬೀಳುವ, ಹೆಚ್ಚುಕಡಿಮೆ ಒಂದೇ ಅಳತೆಯ ಅಚ್ಚುಕಟ್ಟಿನ ಜೋಡಿ ಕೆರೆಗಳನ್ನು ಆರಿಸಿಕೊಂಡಿದ್ದಳು. ಪ್ರಬಂಧದ ಜೀವ ಅದೇ. ಹಾಗಾಗಿ ‘ಹನ್ನೆರಡು ಕೆರೆ’ ಎಂಬಲ್ಲಿ ‘ಆರು ಜೋಡಿ ಕೆರೆ’ ಎಂದು ತಿದ್ದಿದೆವು.

ಬಾಯಿಪಾಠ ಮಾತ್ರ ಬೇಡವೆಂದೆ. ಬಾಯಿಪಾಠವೋ ಅಲ್ಲವೋ ತಿಳಿಯಲು ಸುಲಭ ದಾರಿಯಿದೆ. ನಡುವೆ ತಡೆದು ಏನಾದರೂ ಕೇಳಬೇಕು. ಮತ್ತೆ ಮೊದಲಿನಿಂದ ಶುರು ಮಾಡಿದರೆ ಅದು ಬಾಯಿಪಾಠ. ಈ ಕೆಲಸಕ್ಕೆ ಪ್ರೊಫೆಸರರೇ ಬೇಕಿಲ್ಲ, ಅಪ್ಪ ಅಮ್ಮ ಸಾಕು. ಮಗಳ ಮಾತು ತಂದೆಗೆ ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿ ವಾಕ್ಯ ತಿದ್ದಬೇಕು.

ವೈವಾ ಮುಗಿದ ಸಂಜೆ ಫೋನ್ ಬಂತು. ‘ಮೊದಲನೇ ಪ್ರಶ್ನೆ ಜೋಡಿ ಕೆರೆ ಬಗ್ಗೆನೇ ಬಂತು ಸಾರ್’ ಎಂದಳು. ದನಿಯಲ್ಲೇ ಫಲಿತಾಂಶ ಗೊತ್ತಾಯಿತು.