ಯಥಾಪ್ರತಿ ಹಾಕಿದ್ರೆ ಅದು ಸುದ್ದಿ ಅಲ್ಲ

ಮಳೆಗಾಲ ಬಂತಂದ್ರೆ ನಮ್ಮ ಹೊಸಪೇಟೆ ಪೇಜುಗಳಲ್ಲಿ ಟಿಬಿ ಡ್ಯಾಂ ಪ್ರಕಟಣೆ ಓಡಾಡೋಕೆ ಶುರು. ಅದರ ಧಾಟಿ ನಿಮಗೆಲ್ಲ ಬಾಯಿಪಾಠ. ಯಾವುದೋ ಒಂದು ದಿನದ್ದಲ್ಲ, ಧಾಟಿ ತೋರಿಸೋಕೆ ನಾನೇ ಬರೆದ ಮಾದರಿ ಇದು:

“ಜಲಾನಯನ ಪ್ರದೇಶದಲ್ಲಿ ವ್ಯಾಪಕ ಮಳೆಯಾಗುತ್ತಿರುವ ಹಿನ್ನೆಲೆಯಲ್ಲಿ ಒಳಹರಿವಿನ ಪ್ರಮಾಣದಲ್ಲಿ ಗಣನೀಯ ಹೆಚ್ಚಳವಾಗುವ ಸಾಧ್ಯತೆ ಇರುವುದರಿಂದ, ಯಾವುದೇ ಕ್ಷಣದಲ್ಲಿ ಕ್ರೆಸ್ಟ್ ಗೇಟ್‌ಗಳ ಮೂಲಕ 1,00,000 ಕ್ಯೂಸೆಕ್‌ವರೆಗೆ ನೀರನ್ನು ನದಿಗೆ ಹರಿಬಿಡಲಾಗುವ ಸಂಭವವಿದ್ದು, ನದಿಪಾತ್ರದ ಸಾರ್ವಜನಿಕರು ಸುರಕ್ಷಿತ ಸ್ಥಳಗಳಿಗೆ ತೆರಳಲು ಈ ಮೂಲಕ ಸೂಚಿಸಲಾಗಿದೆ.”

ಇದನ್ನ ಹಾಗೇ ಎತ್ತಿ ಹಾಕಿ, ಮೇಲೊಂದು ಕೆಂಪು ಸೈರನ್ ಇಮೋಜಿ ಅಂಟಿಸಿ “ಬ್ರೇಕಿಂಗ್” ಅನ್ನೋರಿಗೆ ಹೇಳ್ತಿದೀನಿ. ನೀವು ಸುದ್ದಿ ಕೊಟ್ಟಿಲ್ಲ. ಕಚೇರಿಯ ನೋಟಿಸ್ ಬೋರ್ಡ್ ಆಗಿದ್ದೀರಿ, ಅಷ್ಟೇ.

ಈ ವಾಕ್ಯದಲ್ಲಿ ಮುಖ್ಯವಾದ ಮಾತು ಕಡೇಲಿ ಕೂತಿದೆ. ನದಿ ದಂಡೆಯಲ್ಲಿ ಮೋಟರ್ ಇಟ್ಟಿರೋ ಕಂಪ್ಲಿಯ ರೈತ ಮೊದಲು “ಜಲಾನಯನ”, ಆಮೇಲೆ “ಒಳಹರಿವು” ದಾಟಿ ತನ್ನ ಪಾಲಿನ ಸುದ್ದಿಗೆ ಬರಬೇಕು. ನೀರು ಬಿಡೋರು ಯಾರು ಅಂತಾನೂ ಇಲ್ಲ. “ಹರಿಬಿಡಲಾಗುವ” ಅಂದ್ರೆ ನೀರು ತಾನಾಗೇ ಇಳ್ಕೊಂಡು ಬಂದಂಗೆ. ಅದನ್ನ ತಿರುಗಿಸಿ ಬರೀರಿ:

“ತುಂಗಭದ್ರಾ ಜಲಾಶಯದಿಂದ ನದಿಗೆ ಯಾವ ಹೊತ್ತಿನಲ್ಲಾದರೂ 1 ಲಕ್ಷ ಕ್ಯೂಸೆಕ್‌ವರೆಗೆ ನೀರು ಬಿಡಬಹುದು, ಡ್ಯಾಂ ಕೆಳಗಿನ ನದಿ ದಂಡೆಯ ಜನ ಸುರಕ್ಷಿತ ಜಾಗಕ್ಕೆ ಹೋಗಬೇಕು ಎಂದು ತುಂಗಭದ್ರಾ ಮಂಡಳಿ ತಿಳಿಸಿದೆ. ಮೇಲ್ಭಾಗದಲ್ಲಿ ಮಳೆ ಜೋರಾಗಿದ್ದು, ಜಲಾಶಯಕ್ಕೆ ಬರುವ ನೀರು ಹೆಚ್ಚಬಹುದು.”

“ಬಿಡಬಹುದು” ಅನ್ನೋದನ್ನ ನೋಡಿದ್ರಾ? ಅದನ್ನ “ಬಿಟ್ಟಿದ್ದಾರೆ” ಮಾಡಿದ್ರೆ ಭಾಷೆ ಸರಳ ಆಗಿರುತ್ತೆ, ಸುದ್ದಿ ಸುಳ್ಳಾಗಿರುತ್ತೆ. “ವರೆಗೆ” ತೆಗೆದ್ರೂ ಅಷ್ಟೇ. ಇಲಾಖೆಯ ಗಂಟುಮಾತು ಬಿಡಿಸುವಾಗ ಮೊದಲು ಉದುರೋದು ಇಂಥ ಸಣ್ಣ ಪದಗಳೇ. ಹಂಗಾಗಿ ಬರೆದಾದ ಮೇಲೆ ಮೂಲದ ಪಕ್ಕ ಇಟ್ಟು ಒಂದೊಂದೇ ಮಾತು ತಾಳೆ ನೋಡ್ರಿ.

ಇನ್ನು ಕ್ಯೂಸೆಕ್. ಇದನ್ನೂ ಟಿಎಂಸಿಯನ್ನೂ ಒಂದೇ ಅನ್ನೋ ಥರ ಬರೆಯೋದು ದೊಡ್ಡ ಪತ್ರಿಕೆಗಳಲ್ಲೂ ಕಾಣುತ್ತೆ. ಕ್ಯೂಸೆಕ್ ಅಂದ್ರೆ ವೇಗ: ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಟಿಎಂಸಿ ಅಂದ್ರೆ ಒಟ್ಟು ಸಂಗ್ರಹ: ನೂರು ಕೋಟಿ ಘನ ಅಡಿ. ನಲ್ಲಿಯಿಂದ ಬೀಳೋ ನೀರಿಗೂ ಬಿಂದಿಗೆಯಲ್ಲಿ ತುಂಬಿದ ನೀರಿಗೂ ಇರೋ ವ್ಯತ್ಯಾಸ. 1 ಲಕ್ಷ ಕ್ಯೂಸೆಕ್ ಇಡೀ ದಿನ ಹರಿದ್ರೆ 8.64 ಟಿಎಂಸಿ ಖಾಲಿ. ದಿನಕ್ಕೆ 86,400 ಸೆಕೆಂಡು, ಗುಣಿಸಿ ನೋಡ್ರಿ.

ಈ ಲೆಕ್ಕ ಯಾಕೆ ಬೇಕು ಅಂತ 2024ರ ಆಗಸ್ಟ್ 10ರ ರಾತ್ರಿ ಗೊತ್ತಾಯ್ತು. 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯ್ತು. ಅದೊಂದೇ ಕಿಂಡಿಯಿಂದ ಸುಮಾರು 35,000 ಕ್ಯೂಸೆಕ್, ಅಂದ್ರೆ ದಿನಕ್ಕೆ 3 ಟಿಎಂಸಿ. ಒಟ್ಟು 33 ಗೇಟಿನಲ್ಲಿ ಹೋಗಿದ್ದು ಒಂದು. ಡ್ಯಾಂ ಗಟ್ಟಿಯಾಗೇ ಇತ್ತು. ಅಂಥ ಹೊತ್ತಲ್ಲಿ “ಡ್ಯಾಂ ಒಡೀತು” ಅಂತ ಬರೆದ್ರೆ ಕೆಳಗಿನ ಊರುಗಳು ರಾತ್ರೋರಾತ್ರಿ ಗಂಟುಮೂಟೆ ಕಟ್ಟಬೇಕಾಗುತ್ತೆ. “ಗೇಟ್ ಸಂಖ್ಯೆ 19ರಲ್ಲಿ ತಾಂತ್ರಿಕ ದೋಷ” ಅಂತ ಬರೆದ್ರೆ ಅದು ಮುಚ್ಚಿಟ್ಟಂಗೆ. “ಒಂದು ಗೇಟ್ ಕೊಚ್ಚಿಹೋಗಿದೆ, ಅಣೆಕಟ್ಟೆಗೆ ಧಕ್ಕೆ ಇಲ್ಲ, ಒತ್ತಡ ಇಳಿಸೋಕೆ ಬೇರೆ ಗೇಟುಗಳನ್ನೂ ಎತ್ತಿದ್ದಾರೆ”, ಇಷ್ಟು ಸಾಕು. ವಾರದ ಹೊತ್ತಿಗೆ “ಸ್ಟಾಪ್ ಲಾಗ್ ಎಲಿಮೆಂಟ್ ಅಳವಡಿಕೆ” ಅಂತ ಬಂತಲ್ಲ, ಅದು ಗೇಟ್ ಇದ್ದ ಕಿಂಡಿಗೆ ಒಂದರ ಮೇಲೊಂದು ಇಳಿಸೋ ತಾತ್ಕಾಲಿಕ ಉಕ್ಕಿನ ತಡೆ. ಹಾಗೇ ಬರೀಬಹುದಿತ್ತು. “ತಾತ್ಕಾಲಿಕ” ಅನ್ನೋದು ಮಾತ್ರ ಬಿಡಂಗಿಲ್ಲ.

“ಅಧಿಕೃತ ಮಾತು ಮುಟ್ಟಿದ್ರೆ ನಮ್ಮ ತಲೆಗೆ ಬರುತ್ತೆ” ಅನ್ನೋ ವಾದ ಕೇಳಿ ಕೇಳಿ ಸಾಕಾಗಿದೆ. ಭಯ ಇದ್ರೆ ಮೂಲ ಪ್ರಕಟಣೆಯ ಫೋಟೊನ ಎರಡನೇ ಸ್ಲೈಡಲ್ಲಿ ಹಾಕ್ರಿ, ಯಾರು ಬೇಡ ಅಂದ್ರು? ಕ್ಯಾಪ್ಶನ್ ಮಾತ್ರ ಓದೋರಿಗೆ ಅರ್ಥ ಆಗಬೇಕು. ತಾರೀಖು, ಹೊತ್ತು ಬಿಡಬ್ಯಾಡ್ರಿ. ಹೋದ ವರ್ಷದ ಪ್ರಕಟಣೆ ಈ ವರ್ಷ ಫಾರ್ವರ್ಡ್ ಆಗೋದು ತಾರೀಖಿಲ್ಲದ ಪೋಸ್ಟುಗಳಿಂದಲೇ.

ಪ್ರಕಟಣೆಯಲ್ಲಿ ಇಲ್ಲದ್ದನ್ನ ಫೋನ್ ಮಾಡಿ ಕೇಳ್ರಿ. ಈಗ ಎಷ್ಟು ಬಿಡ್ತಿದ್ದಾರೆ? ಹಂಪಿಯಲ್ಲಿ ಪುರಂದರ ಮಂಟಪ ಮುಳುಗಿದೆಯಾ? ಆಚೆ ದಡಕ್ಕೆ ದೋಣಿ ಇದೆಯಾ? ಕಂಪ್ಲಿ ಸೇತುವೆ ಮೇಲೆ ಓಡಾಟ ನಿಲ್ಲಿಸಿದ್ದಾರಾ? 2019ರ ಆಗಸ್ಟ್‌ನಲ್ಲಿ ವಿರುಪಾಪುರಗಡ್ಡಿಯಲ್ಲಿ ಪ್ರವಾಸಿಗರು ಸಿಕ್ಕಿಹಾಕ್ಕೊಂಡು ಹೆಲಿಕಾಪ್ಟರ್ ತರಿಸಬೇಕಾಯ್ತು. ಹೊರಗಿಂದ ಬಂದೋರಿಗೆ “ನದಿಪಾತ್ರದ ಸಾರ್ವಜನಿಕರು” ಅಂದ್ರೆ ತಾವೇ ಅಂತ ಹೆಂಗೆ ಗೊತ್ತಾಗಬೇಕು? “ವಿರುಪಾಪುರಗಡ್ಡಿಯಲ್ಲಿ ಉಳಿದಿರುವವರು” ಅಂತ ಊರಿನ ಹೆಸರು ಹಿಡಿದೇ ಬರೀರಿ.

ಮುಂದಿನ ಭಾಗದಲ್ಲಿ ಕಾಲುವೆ ನೀರಿನ ಪ್ರಕಟಣೆ: “ಆನ್ ಅಂಡ್ ಆಫ್ ಪದ್ಧತಿ” ಅಂದ್ರೆ ಗದ್ದೆಗೆ ಯಾವತ್ತು ನೀರು?

#ಹೊಸಪೇಟೆ #ತುಂಗಭದ್ರಾ #ಕಂಪ್ಲಿ #ಸುದ್ದಿಬರಹ