ಉಳಿಕೆ ಬರೆಯದ ಎಚ್1 ಪುಸ್ತಕ ಏನನ್ನು ಕಾಯುತ್ತದೆ?

ಒಬ್ಬರೇ ಕೂತು ನಡೆಸುವ ಅಂಗಡಿಗೆ ಇಷ್ಟೆಲ್ಲ ಪುಸ್ತಕ ಯಾಕೆ? ಸಣ್ಣ ಮೆಡಿಕಲ್ ಶಾಪ್‌ಗಳವರ ಈ ದೂರು ಹಳೆಯದು. ಪುಸ್ತಕವೇ ಬೇಡ ಎನ್ನುವವರ ಜೊತೆ ನಾನಿಲ್ಲ. ಈಗ ಬರೆಯುತ್ತಿರುವುದೇ ಸಾಕು ಎನ್ನುವವರ ಜೊತೆಗೂ ಇಲ್ಲ.

ಶೆಡ್ಯೂಲ್ ಎಚ್1 ಜಾರಿಗೆ ಬಂದದ್ದು 2014ರ ಮಾರ್ಚ್ 1ರಂದು. ಕೆಲವು ಪ್ರಬಲ ಆ್ಯಂಟಿಬಯಾಟಿಕ್‌ಗಳು, ಕ್ಷಯದ ಔಷಧಗಳು, ಚಟ ಹಿಡಿಸಬಲ್ಲ ಮಾತ್ರೆಗಳು ಅದರ ಪಟ್ಟಿಯಲ್ಲಿವೆ. ಇವನ್ನು ಮಾರಿದ ಕೂಡಲೇ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಇಷ್ಟನ್ನು ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಟ್ಟುಕೊಳ್ಳಬೇಕು. ಬಂದ ಮಾಲೆಷ್ಟು, ಉಳಿದದ್ದೆಷ್ಟು, ಯಾವ ಬ್ಯಾಚ್ ಎಂಬುದನ್ನು ಆ ಪುಸ್ತಕದಲ್ಲಿ ಬರೆಯಬೇಕೆಂದು ನಿಯಮ ಹೇಳುವುದಿಲ್ಲ. ಇಡೀ ವ್ಯವಸ್ಥೆ ಸೋರುವುದು ಇಲ್ಲೇ.

ಅಲ್ಪ್ರಜೋಲಂ ಮಾತ್ರೆಯನ್ನೇ ತೆಗೆದುಕೊಳ್ಳಿ. ತಿಂಗಳ ಮೊದಲ ದಿನ ಅಂಗಡಿಯಲ್ಲಿ 50 ಮಾತ್ರೆ ಇದ್ದವು, ಹೋಲ್‌ಸೇಲ್ ಬಿಲ್ಲಿನಲ್ಲಿ ಇನ್ನೂ 100 ಬಂದವು ಎನ್ನೋಣ. ಎಚ್1 ಪುಸ್ತಕದಲ್ಲಿ ಬರೆದ ಮಾರಾಟ 92. ಕಪಾಟಿನಲ್ಲಿ 58 ಇರಬೇಕು, ಎಣಿಸಿದರೆ 38 ಸಿಗುತ್ತವೆ. ಕಾಣೆಯಾದ 20 ಮಾತ್ರೆ ಚೀಟಿಯಿಲ್ಲದೆ ಯಾರದೋ ಕೈ ಸೇರಿರಬಹುದು, ಬರೆಯುವುದು ಮರೆತಿರಲೂಬಹುದು. ಪುಸ್ತಕವನ್ನಷ್ಟೇ ನೋಡುವವರಿಗೆ ಎರಡೂ ಕಾಣುವುದಿಲ್ಲ. ಬರೆದ ಸಾಲುಗಳೆಲ್ಲ ಸರಿಯಾಗಿಯೇ ಇರುತ್ತವೆ, ತಪ್ಪಿರುವುದು ಬರೆಯದ ಸಾಲುಗಳಲ್ಲಿ. ಪ್ರತಿ ಮಾರಾಟದ ಪಕ್ಕ ಉಳಿಕೆ ಬರೆದು ವಾರಕ್ಕೊಮ್ಮೆ ಎಣಿಸಿದ್ದರೆ, ಆ ವ್ಯತ್ಯಾಸ ಅದೇ ವಾರ, ಎಲ್ಲರ ನೆನಪು ಹಸಿಯಾಗಿರುವಾಗಲೇ ಹೊರಬೀಳುತ್ತಿತ್ತು.

ಸಾಫ್ಟ್‌ವೇರ್ ಎಲ್ಲವನ್ನೂ ನೋಡಿಕೊಳ್ಳುತ್ತದೆ ಎಂಬ ವಾದವಿದೆ. ಆದರೆ ಬಿಲ್ಲಿನಲ್ಲಿ ಹಳೆಯ ಬ್ಯಾಚ್ ಆಯ್ಕೆಯಾಗಿರುತ್ತದೆ, ಕೈ ಮಾತ್ರ ಮುಂದೆ ಕಂಡ ಹೊಸ ಸ್ಟ್ರಿಪ್ ಎತ್ತಿ ಕೊಡುತ್ತದೆ. ಹಳೆಯದು ಹಿಂದೆಯೇ ಉಳಿದು ಎಕ್ಸ್‌ಪೈರಿ ದಾಟುತ್ತದೆ. ಬಿಡಿ ಮಾತ್ರೆ ಕತ್ತರಿಸುವಾಗ ಇನ್ನೊಂದು ಅಪಾಯ: ಎಷ್ಟೋ ಸ್ಟ್ರಿಪ್‌ಗಳಲ್ಲಿ ಬ್ಯಾಚ್ ಸಂಖ್ಯೆ, ಎಕ್ಸ್‌ಪೈರಿ ಒಂದೇ ತುದಿಯಲ್ಲಿ ಒತ್ತಿರುತ್ತವೆ. ಆ ತುದಿಯನ್ನೇ ಮೊದಲು ಕತ್ತರಿಸಿ ಕೊಟ್ಟರೆ, ಉಳಿದ ಮಾತ್ರೆಗಳು ಯಾವ ಬ್ಯಾಚಿನವೆಂದು ಅಂಗಡಿಯವರಿಗೂ ಗೊತ್ತಾಗದು.

ಬ್ಯಾಚ್ ಯಾಕೆ ಬೇಕೆಂಬುದನ್ನು 2025ರ ಅಕ್ಟೋಬರ್ ತೋರಿಸಿತು. ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಮಕ್ಕಳು ಸತ್ತರು. ಅವರು ಕುಡಿದಿದ್ದ ಕೋಲ್ಡ್ರಿಫ್ ಸಿರಪ್‌ನ ಎಸ್‌ಆರ್-13 ಬ್ಯಾಚಿನಲ್ಲಿ ಶೇ 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಇದ್ದದ್ದು ತಮಿಳುನಾಡಿನ ಪರೀಕ್ಷೆಯಲ್ಲಿ ಪತ್ತೆಯಾಯಿತು. ಇಂಥ ಸುದ್ದಿ ಬಂದಾಗ ಕಪಾಟಿನಲ್ಲಿರುವ ಬಾಟಲಿ ತೆಗೆದಿಡುವುದು ಸುಲಭ. ನಿನ್ನೆ ಒಯ್ದ ಬಾಟಲಿ ಯಾವ ಮನೆಯಲ್ಲಿದೆ? ಹೆಸರೂ ಬ್ಯಾಚೂ ಇಲ್ಲದ ಬಿಲ್ಲು ಅದಕ್ಕೆ ಉತ್ತರಿಸದು. ಆ ಮನೆಯಲ್ಲಿ ಮಗುವಿಗೆ ರಾತ್ರಿ ಮತ್ತೊಂದು ಚಮಚ ಕುಡಿಸುತ್ತಾರೆ.

ಹಾಗಾಗಿ ಕೇಳುವುದು ಹೊಸ ಪುಸ್ತಕವನ್ನಲ್ಲ. ಎಚ್1 ರಿಜಿಸ್ಟರ್‌ಗೆ ಬ್ಯಾಚ್, ಉಳಿಕೆ ಎಂಬ ಎರಡು ಅಂಕಣ ಸೇರಲಿ, ಮಕ್ಕಳ ಸಿರಪ್‌ನ ಬಿಲ್ಲಿನಲ್ಲಿ ಬ್ಯಾಚಿನ ಜೊತೆ ಒಂದು ಫೋನ್ ನಂಬರ್ ಇರಲಿ. ಪರಿವೀಕ್ಷಕರು ಪುಟ ತಿರುವಿ ಸಹಿ ಹಾಕುವ ಮೊದಲು ಯಾವುದಾದರೂ ಒಂದು ಮಾತ್ರೆಯ ಸ್ಟ್ರಿಪ್‌ಗಳನ್ನು ಕಪಾಟಿನಿಂದ ಇಳಿಸಿ ಎಣಿಸಲಿ.